ಸ್ಟಾಕ್ ಮಟ್ಟದ ಲೆಕ್ಕಗಳು: ಯಾವ ಅಂಕಿ ಎಲ್ಲಿಗೆ ಹೋಗಬೇಕು?

ಕಾಸ್ಟ್ ಅಕೌಂಟಿಂಗ್ ಓದುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಸೂತ್ರ ಎಲ್ಲಾ ಬಾಯಿಪಾಠ ಇದೆ, ಆದರೂ ಉತ್ತರ ತಪ್ಪುತ್ತದೆ, ಯಾಕೆ?" ಅವರ ಪುಸ್ತಕ ತೆರೆದು ನೋಡಿದರೆ ಸೂತ್ರ ಸರಿಯಾಗೇ ಇರುತ್ತದೆ. ಆದರೆ ಗರಿಷ್ಠ ಬಳಕೆ ಬರೆಯಬೇಕಾದ ಕಡೆ ಸಾಮಾನ್ಯ ಬಳಕೆ ಇರುತ್ತದೆ. ಇಲ್ಲವೇ ಕಿಲೋ ಇರಬೇಕಾದ ಕಡೆ ತಯಾರಾದ ಮಾಲಿನ ಸಂಖ್ಯೆ ಇರುತ್ತದೆ. ಎಬಿಸಿ ವಿಶ್ಲೇಷಣೆಯಲ್ಲೂ ಹಾಗೇ. ಗುಣಿಸಿದ್ದು ಸರಿ ಇರುತ್ತದೆ, ಗುಂಪು ಮಾಡಿದ್ದು ತಪ್ಪಿರುತ್ತದೆ.

ಈ ಲೇಖನದಲ್ಲಿ ಒಂದೇ ಒಂದು ಲೆಕ್ಕವನ್ನು ಶುರುವಿನಿಂದ ಕೊನೆಯವರೆಗೆ ಮಾಡೋಣ. ಪಕ್ಕದಲ್ಲಿ ಕಾಗದ, ಪೆನ್ನು, ಒಂದು ಸಾದಾ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ನಾನು ಬರೆದ ಉತ್ತರ ನೋಡುವ ಮೊದಲು ನೀವೇ ಒಮ್ಮೆ ಗುಣಿಸಿ ನೋಡಿ.

## ಮೊದಲು ನಾಲ್ಕು ಪದ

ಬಳಕೆ ಅಂದರೆ ಒಂದು ದಿನಕ್ಕೋ ವಾರಕ್ಕೋ ಉತ್ಪಾದನೆಗೆ ಖರ್ಚಾಗುವ ಕಚ್ಚಾವಸ್ತು. ಇದು ಒಂದು ವಾರ ಜಾಸ್ತಿ, ಇನ್ನೊಂದು ವಾರ ಕಡಿಮೆ ಇರಬಹುದು. ಅದಕ್ಕೇ ಪ್ರಶ್ನೆಯಲ್ಲಿ ಗರಿಷ್ಠ, ಸಾಮಾನ್ಯ, ಕನಿಷ್ಠ ಎಂದು ಮೂರು ಅಂಕಿ ಕೊಡುತ್ತಾರೆ.

ಲೀಡ್ ಟೈಮ್ ಅಂದರೆ ಆರ್ಡರ್ ಕೊಟ್ಟ ದಿನದಿಂದ ಮಾಲು ಉಗ್ರಾಣಕ್ಕೆ ಬಂದು ಸೇರುವವರೆಗಿನ ಅವಧಿ. ಇದಕ್ಕೂ ಗರಿಷ್ಠ, ಸಾಮಾನ್ಯ, ಕನಿಷ್ಠ ಎಂಬ ಮೂರು ಅಂಕಿ ಉಂಟು.

ಮರುಆದೇಶ ಮಟ್ಟ ಅಂದರೆ ಸ್ಟಾಕ್ ಇಳಿಯುತ್ತಾ ಯಾವ ಅಂಕಿಗೆ ಬಂದಾಗ ಹೊಸ ಆರ್ಡರ್ ಹಾಕಬೇಕೋ ಆ ಅಂಕಿ.

ಮರುಆದೇಶ ಪ್ರಮಾಣ ಅಂದರೆ ಒಂದು ಆರ್ಡರ್‌ನಲ್ಲಿ ಎಷ್ಟು ತರಿಸಬೇಕು ಎಂಬುದು. ಕೊನೆಯ ಈ ಎರಡು ಕೇಳಲು ಒಂದೇ ತರ ಇವೆ, ಅಲ್ವಾ? ಒಂದು "ಯಾವಾಗ" ಎಂಬುದಕ್ಕೆ ಉತ್ತರ, ಇನ್ನೊಂದು "ಎಷ್ಟು" ಎಂಬುದಕ್ಕೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಮುಂದಿನ ಉತ್ತರವೆಲ್ಲ ಕೈಕೊಡುತ್ತದೆ.

## ನಮ್ಮ ಲೆಕ್ಕ

ಒಂದು ಕಾರ್ಖಾನೆ ಒಂದೇ ಬಗೆಯ ಮಾಲು ತಯಾರಿಸುತ್ತದೆ. ಒಂದು ಮಾಲಿಗೆ 2.5 ಕಿಲೋ ಕಚ್ಚಾವಸ್ತು ಬೇಕು. ವಾರಕ್ಕೆ ಕನಿಷ್ಠ 240, ಗರಿಷ್ಠ 360, ಸಾಮಾನ್ಯವಾಗಿ 300 ಮಾಲು ತಯಾರಾಗುತ್ತದೆ. ಲೀಡ್ ಟೈಮ್ 3ರಿಂದ 5 ವಾರ. ವರ್ಷಕ್ಕೆ 50 ವಾರ ಕೆಲಸ. ಕಚ್ಚಾವಸ್ತುವಿನ ದರ ಕಿಲೋಗೆ 25 ರೂಪಾಯಿ. ಒಂದು ಆರ್ಡರ್ ಹಾಕಲು ತಗಲುವ ಖರ್ಚು 1,200 ರೂಪಾಯಿ. ಸ್ಟಾಕ್ ಇಟ್ಟುಕೊಳ್ಳುವ ವೆಚ್ಚ ವರ್ಷಕ್ಕೆ ದರದ ಶೇ. 10. ತುರ್ತು ಖರೀದಿ ಮಾಡಿದರೆ ಮಾಲು ಬರಲು 1 ವಾರ ಸಾಕು.

ಕೇಳಿರುವುದು: ಮರುಆದೇಶ ಪ್ರಮಾಣ, ಮರುಆದೇಶ ಮಟ್ಟ, ಕನಿಷ್ಠ ಮಟ್ಟ, ಗರಿಷ್ಠ ಮಟ್ಟ, ಸರಾಸರಿ ಸ್ಟಾಕ್, ಅಪಾಯದ ಮಟ್ಟ.

## ಹಂತ 1: ಎಲ್ಲವನ್ನೂ ಒಂದೇ ಅಳತೆಗೆ ತನ್ನಿ

ಸೂತ್ರಕ್ಕೆ ಕೈ ಹಾಕುವ ಮೊದಲು ಈ ಕೆಲಸ ಮುಗಿಸಿ. ಪ್ರಶ್ನೆಯಲ್ಲಿ ಕೊಟ್ಟಿರುವುದು ತಯಾರಾದ ಮಾಲಿನ ಸಂಖ್ಯೆ. ನಮಗೆ ಬೇಕಾದದ್ದು ಕಚ್ಚಾವಸ್ತುವಿನ ಕಿಲೋ.

- ಗರಿಷ್ಠ ಬಳಕೆ: 360 × 2.5 = ವಾರಕ್ಕೆ 900 ಕಿಲೋ
- ಸಾಮಾನ್ಯ ಬಳಕೆ: 300 × 2.5 = ವಾರಕ್ಕೆ 750 ಕಿಲೋ
- ಕನಿಷ್ಠ ಬಳಕೆ: 240 × 2.5 = ವಾರಕ್ಕೆ 600 ಕಿಲೋ

ಲೀಡ್ ಟೈಮ್ ಗರಿಷ್ಠ 5 ವಾರ, ಕನಿಷ್ಠ 3 ವಾರ. ಸಾಮಾನ್ಯ ಎಷ್ಟು ಎಂದು ಹೇಳಿಲ್ಲ. ಹಾಗಿದ್ದಾಗ ಎರಡನ್ನೂ ಕೂಡಿಸಿ ಅರ್ಧ ಮಾಡಿ: 4 ವಾರ. ಆದರೆ ಸಾಮಾನ್ಯ ಅಂಕಿಯನ್ನು ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಅದನ್ನೇ ತೆಗೆದುಕೊಳ್ಳಬೇಕು. ಅದು ನಡುವಿನ ಅಂಕಿ ಆಗಿರದಿದ್ದರೂ ಪರವಾಗಿಲ್ಲ. ನೀವಾಗೇ ಸರಾಸರಿ ತೆಗೆದು ಅದನ್ನು ಬದಲಿಸಬೇಡಿ.

ಇಲ್ಲಿ ಎಡವುವ ಜಾಗ ಇನ್ನೊಂದಿದೆ. ಬಳಕೆಯನ್ನು ವಾರದ ಲೆಕ್ಕದಲ್ಲಿ, ಲೀಡ್ ಟೈಮನ್ನು ದಿನದ ಲೆಕ್ಕದಲ್ಲಿ ಕೊಡುತ್ತಾರೆ. ನಮ್ಮ ಲೆಕ್ಕದಲ್ಲೇ "5 ವಾರ" ಎನ್ನುವ ಬದಲು "35 ದಿನ" ಎಂದಿತ್ತು ಅಂದುಕೊಳ್ಳಿ. ಕಾರ್ಖಾನೆ ವಾರಕ್ಕೆ 6 ದಿನ ನಡೆಯುತ್ತದೆ ಎಂದು ಕೆಲವರು 900ನ್ನು 6ರಿಂದ ಭಾಗಿಸುತ್ತಾರೆ. ದಿನಕ್ಕೆ 150 ಕಿಲೋ ಬರುತ್ತದೆ. ಅದನ್ನು 35ರಿಂದ ಗುಣಿಸಿ 5,250 ಎಂದು ಬರೆಯುತ್ತಾರೆ. ಸರಿಯಾದ ಉತ್ತರ 4,500. ಯಾಕೆಂದರೆ ಆ 35 ದಿನಗಳಲ್ಲಿ ರಜೆಯ ದಿನಗಳೂ ಸೇರಿವೆ, ರಜೆಯ ದಿನ ಕಚ್ಚಾವಸ್ತು ಖರ್ಚಾಗುವುದಿಲ್ಲ. ಕ್ಯಾಲೆಂಡರ್ ದಿನಗಳನ್ನು 7ರಿಂದ ಭಾಗಿಸಿ ವಾರ ಮಾಡಿಕೊಳ್ಳಿ, ಗೊಂದಲವೇ ಇರುವುದಿಲ್ಲ. ಪ್ರಶ್ನೆಯಲ್ಲಿ "35 ಕೆಲಸದ ದಿನ" ಎಂದೇ ಹೇಳಿದ್ದರೆ ಮಾತ್ರ 6ರ ಲೆಕ್ಕ.

ಒಂದೇ ಮಾಲಿಗೆ ಎರಡು ಮೂರು ಕಚ್ಚಾವಸ್ತು ಬೇಕಾಗುವ ಪ್ರಶ್ನೆಗಳೂ ಬರುತ್ತವೆ. ಒಂದೊಂದಕ್ಕೂ ಹಂತ 1ನ್ನು ಬೇರೆ ಬೇರೆ ಮಾಡಿ. ಅವುಗಳ ಲೀಡ್ ಟೈಮ್ ಕೂಡ ಬೇರೆ ಬೇರೆ ಇರುತ್ತದೆ. ಪಕ್ಕದ ಸಾಲಿನ ಅಂಕಿ ಈ ಸಾಲಿಗೆ ಬಂದು ಕೂರುವುದು ಇಲ್ಲೇ.

## ಹಂತ 2: ಒಂದು ಆರ್ಡರ್‌ಗೆ ಎಷ್ಟು?

ಮರುಆದೇಶ ಪ್ರಮಾಣವನ್ನು ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಈ ಹಂತ ಬಿಟ್ಟುಬಿಡಿ. ಕೊಡದೆ, ಆರ್ಡರ್ ಖರ್ಚು ಮತ್ತು ಸ್ಟಾಕ್ ಇಡುವ ವೆಚ್ಚ ಕೊಟ್ಟಿದ್ದರೆ ಮಿತವ್ಯಯದ ಆದೇಶ ಪ್ರಮಾಣವನ್ನು ಕಂಡುಹಿಡಿಯಬೇಕು ಎಂದರ್ಥ. ಎಲ್ಲರೂ ಇದನ್ನು ಇಒಕ್ಯೂ ಎನ್ನುತ್ತಾರೆ. ದೊಡ್ಡ ಆರ್ಡರ್ ಹಾಕಿದರೆ ಆರ್ಡರ್ ಖರ್ಚು ಉಳಿಯುತ್ತದೆ, ಸ್ಟಾಕ್ ಇಡುವ ವೆಚ್ಚ ಏರುತ್ತದೆ. ಚಿಕ್ಕದು ಹಾಕಿದರೆ ಅದರ ಉಲ್ಟಾ. ಎರಡೂ ಸೇರಿ ಅತಿ ಕಡಿಮೆ ಆಗುವ ಪ್ರಮಾಣವೇ ಇಒಕ್ಯೂ. ಈ ಸೂತ್ರ 1913ರಷ್ಟು ಹಳೆಯದು, ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಕೊಟ್ಟದ್ದು.

ಸೂತ್ರ: √(2 × ವಾರ್ಷಿಕ ಬಳಕೆ × ಒಂದು ಆರ್ಡರ್ ಖರ್ಚು ÷ ಒಂದು ಕಿಲೋವನ್ನು ಒಂದು ವರ್ಷ ಇಡುವ ವೆಚ್ಚ)

ವಾರ್ಷಿಕ ಬಳಕೆಗೆ ಸಾಮಾನ್ಯ ಬಳಕೆಯನ್ನೇ ತೆಗೆದುಕೊಳ್ಳಬೇಕು. 750 × 50 = 37,500 ಕಿಲೋ. ಪ್ರಶ್ನೆಯಲ್ಲಿ ಕೆಲಸದ ವಾರ ಎಷ್ಟು ಎಂದು ಹೇಳದಿದ್ದರೆ ಮಾತ್ರ 52 ಹಿಡಿಯಿರಿ.

ಸ್ಟಾಕ್ ಇಡುವ ವೆಚ್ಚ ದರದ ಶೇ. 10, ಅಂದರೆ 25ರ ಶೇ. 10, ಅಂದರೆ 2.50 ರೂಪಾಯಿ.

√(2 × 37,500 × 1,200 ÷ 2.50) = √3,60,00,000 = 6,000 ಕಿಲೋ

ಶೇಕಡಾ ಚಿಹ್ನೆ ನೋಡಿ ನೇರವಾಗಿ 10ನ್ನೇ ಕೆಳಗೆ ಹಾಕಿದವರಿಗೆ 3,000 ಬರುತ್ತದೆ. ಸರಿಯಾಗಿ ಅರ್ಧ. ವರ್ಗಮೂಲ ಸುಲಭವಾಗಿ ಬಂತು ಎಂದು ಖುಷಿಪಟ್ಟು ಮುಂದೆ ಹೋಗುತ್ತಾರೆ. ಹಾಗಾಗಿ ವರ್ಗಮೂಲ ಚೆನ್ನಾಗಿ ಬಂದ ಮಾತ್ರಕ್ಕೆ ಉತ್ತರ ಸರಿ ಎಂದುಕೊಳ್ಳಬೇಡಿ. ಕೆಳಗಿನ ಅಂಕಿ ರೂಪಾಯಿಯೋ ಶೇಕಡಾವೋ ಎಂದು ಒಮ್ಮೆ ನೋಡಿ.

## ಹಂತ 3: ಮರುಆದೇಶ ಮಟ್ಟ

ಈಗ ಉಗ್ರಾಣ ನೋಡಿಕೊಳ್ಳುವವರ ಜಾಗದಲ್ಲಿ ನಿಂತು ಯೋಚಿಸಿ. ಇವತ್ತು ಆರ್ಡರ್ ಹಾಕುತ್ತಿದ್ದೀರಿ. ಮಾಲು ಬರುವವರೆಗೆ ಕೈಯಲ್ಲಿರುವ ಸ್ಟಾಕ್ ಸಾಲಬೇಕು. ಆಗಬಹುದಾದ ಅತಿ ಕೆಟ್ಟದ್ದು ಏನು? ಮಾಲು ತಡವಾಗಿ ಬರುತ್ತದೆ, ಅದೇ ಹೊತ್ತಿಗೆ ಬಳಕೆಯೂ ಜೋರಾಗಿರುತ್ತದೆ. ಎರಡೂ ಒಟ್ಟಿಗೇ ಆದರೂ ಕೆಲಸ ನಿಲ್ಲಬಾರದು.

ಮರುಆದೇಶ ಮಟ್ಟ = ಗರಿಷ್ಠ ಬಳಕೆ × ಗರಿಷ್ಠ ಲೀಡ್ ಟೈಮ್

900 × 5 = 4,500 ಕಿಲೋ

ಇಲ್ಲಿ "ಸಾಮಾನ್ಯ" ಎಂಬುದಕ್ಕೆ ಜಾಗವೇ ಇಲ್ಲ. 750 × 4 = 3,000 ಎಂದು ಬರೆದರೆ ಏನಾಗುತ್ತದೆ ನೋಡಿ. ಬಳಕೆ ಗರಿಷ್ಠಕ್ಕೆ ಏರಿ, ಮಾಲು ಐದನೇ ವಾರಕ್ಕೆ ಬಂದರೆ 4,500 ಬೇಕು, ಇರುವುದು 3,000. ನಾಲ್ಕನೇ ವಾರದ ನಡುವೆಯೇ ಉಗ್ರಾಣ ಖಾಲಿ.

ಕೆಲವು ಪ್ರಶ್ನೆಗಳಲ್ಲಿ ಗರಿಷ್ಠ ಬಳಕೆಯ ಸುದ್ದಿಯೇ ಇರುವುದಿಲ್ಲ. "ಸುರಕ್ಷಾ ಸ್ಟಾಕ್ ಇಷ್ಟು" ಎಂದು ಮಾತ್ರ ಕೊಟ್ಟಿರುತ್ತಾರೆ. ಸುರಕ್ಷಾ ಸ್ಟಾಕ್ ಅಂದರೆ ಏರುಪೇರಿಗೆಂದು ಎತ್ತಿಟ್ಟ ಮಾಲು. ಆಗ ಸೂತ್ರ ಬದಲಾಗುತ್ತದೆ:

ಮರುಆದೇಶ ಮಟ್ಟ = ಸುರಕ್ಷಾ ಸ್ಟಾಕ್ + (ಸಾಮಾನ್ಯ ಬಳಕೆ × ಸಾಮಾನ್ಯ ಲೀಡ್ ಟೈಮ್)

ಇದು ಬೇರೆ ಸೂತ್ರ ಎಂದು ಗಾಬರಿಯಾಗಬೇಡಿ. ಮುಂದಿನ ಹಂತ ನೋಡಿದರೆ ಎರಡೂ ಒಂದೇ ಎಂದು ಗೊತ್ತಾಗುತ್ತದೆ.

## ಹಂತ 4: ಕನಿಷ್ಠ ಮಟ್ಟ

ಆರ್ಡರ್ ಹಾಕಿದ ದಿನ 4,500 ಕಿಲೋ ಇತ್ತು. ಕೆಟ್ಟದ್ದೇನೂ ಆಗಲಿಲ್ಲ, ಎಲ್ಲ ಎಂದಿನಂತೆ ನಡೆಯಿತು. 4 ವಾರಕ್ಕೆ ಮಾಲು ಬಂತು, ಅಷ್ಟರಲ್ಲಿ ವಾರಕ್ಕೆ 750ರಂತೆ 3,000 ಕಿಲೋ ಖರ್ಚಾಯಿತು. ಲಾರಿ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಉಗ್ರಾಣದಲ್ಲಿ ಉಳಿದಿರುವುದೇ ಕನಿಷ್ಠ ಮಟ್ಟ.

ಕನಿಷ್ಠ ಮಟ್ಟ = ಮರುಆದೇಶ ಮಟ್ಟ − (ಸಾಮಾನ್ಯ ಬಳಕೆ × ಸಾಮಾನ್ಯ ಲೀಡ್ ಟೈಮ್)

4,500 − (750 × 4) = 1,500 ಕಿಲೋ

ಈಗ ಹಿಂದಿನ ಹಂತದ ಎರಡನೇ ಸೂತ್ರಕ್ಕೆ ಈ 1,500ನ್ನು ಸುರಕ್ಷಾ ಸ್ಟಾಕ್ ಎಂದು ಹಾಕಿ. 1,500 + 3,000 = 4,500. ಅದೇ ಸಮೀಕರಣ, ತಿರುಗಿಸಿ ಬರೆದದ್ದು ಅಷ್ಟೇ. ಪರೀಕ್ಷೆಯಲ್ಲಿ ಉಲ್ಟಾ ಕೇಳಿದಾಗ, ಅಂದರೆ ಕನಿಷ್ಠ ಮಟ್ಟ ಕೊಟ್ಟು ಮರುಆದೇಶ ಮಟ್ಟ ಕೇಳಿದಾಗ ಇದೇ ದಾರಿ.

ಕನಿಷ್ಠ ಮಟ್ಟ ಎಂದ ತಕ್ಷಣ ಕನಿಷ್ಠ ಬಳಕೆ, ಕನಿಷ್ಠ ಲೀಡ್ ಟೈಮ್ ಹಾಕುವುದು ತುಂಬಾ ಜನ ಮಾಡುವ ತಪ್ಪು. ಹೆಸರು ಒಂದೇ ಇದೆ ಎಂದು ಕೈ ತಾನಾಗೇ ಆ ಕಡೆ ಹೋಗುತ್ತದೆ. ಕನಿಷ್ಠ ಮಟ್ಟದಲ್ಲಿ ಕನಿಷ್ಠ ಎಂಬ ಅಂಕಿ ಒಂದೂ ಬರುವುದಿಲ್ಲ. ಅವೆರಡೂ ಬರುವುದು ಗರಿಷ್ಠ ಮಟ್ಟದಲ್ಲಿ.

ಇನ್ನೊಂದು ಮಾತು. ಕನಿಷ್ಠ ಮಟ್ಟ ಎಂದರೆ ಸ್ಟಾಕ್ ಅದರ ಕೆಳಗೆ ಇಳಿಯುವುದೇ ಇಲ್ಲ ಎಂದಲ್ಲ. ನಮ್ಮ ಲೆಕ್ಕದಲ್ಲಿ ಬಳಕೆ ಗರಿಷ್ಠಕ್ಕೆ ಏರಿ ಮಾಲು 5 ವಾರಕ್ಕೆ ಬಂದರೆ ಸ್ಟಾಕ್ ಸೊನ್ನೆಗೇ ಮುಟ್ಟುತ್ತದೆ. 1,500 ಕಿಲೋ ಇಟ್ಟಿರುವುದು ಅಂಥ ಸಂದರ್ಭಕ್ಕೇ.

## ಹಂತ 5: ಗರಿಷ್ಠ ಮಟ್ಟ

ಈ ಸಲ ಉಲ್ಟಾ ಯೋಚಿಸಿ. ಆರ್ಡರ್ ಹಾಕಿದ ದಿನ 4,500 ಇತ್ತು. ಉಗ್ರಾಣ ಅತಿ ಹೆಚ್ಚು ತುಂಬುವುದು ಯಾವಾಗ? ಮಾಲು ಬೇಗ ಬಂದುಬಿಡಬೇಕು, ಅಷ್ಟರಲ್ಲಿ ಖರ್ಚಾಗಿರುವುದೂ ಕಡಿಮೆ ಇರಬೇಕು. 3 ವಾರ, ವಾರಕ್ಕೆ 600. ಖರ್ಚಾದದ್ದು 1,800, ಉಳಿದದ್ದು 2,700. ಅದರ ಮೇಲೆ 6,000 ಕಿಲೋ ಬಂದು ಬಿತ್ತು.

ಗರಿಷ್ಠ ಮಟ್ಟ = ಮರುಆದೇಶ ಮಟ್ಟ + ಮರುಆದೇಶ ಪ್ರಮಾಣ − (ಕನಿಷ್ಠ ಬಳಕೆ × ಕನಿಷ್ಠ ಲೀಡ್ ಟೈಮ್)

4,500 + 6,000 − 1,800 = 8,700 ಕಿಲೋ

ಉಗ್ರಾಣದಲ್ಲಿ ಎಷ್ಟು ಜಾಗ ಬೇಕು ಎಂದು ತೀರ್ಮಾನಿಸುವುದು ಈ ಅಂಕಿಯಿಂದ. ಇಲ್ಲಿ ಬ್ರಾಕೆಟ್ ಒಳಗೆ ಗರಿಷ್ಠ ಅಂಕಿ ಹಾಕಿದರೆ 4,500ರಿಂದ 4,500 ಕಳೆದು ಬರೀ 6,000 ಉಳಿಯುತ್ತದೆ. ನಿಮ್ಮ ಗರಿಷ್ಠ ಮಟ್ಟವೂ ಮರುಆದೇಶ ಪ್ರಮಾಣವೂ ಒಂದೇ ಬಂದಿದ್ದರೆ ಆಗಿರುವುದು ಇದೇ.

ಈ ಮೂರು ಹಂತಗಳನ್ನು ಒಮ್ಮೆ ಒಟ್ಟಿಗೆ ನೋಡಿ. ಮೂರರಲ್ಲೂ ಕತೆ ಒಂದೇ: ಆರ್ಡರ್ ಹಾಕಿದ ದಿನದಿಂದ ಮಾಲು ಬರುವವರೆಗೆ ಎಷ್ಟು ಖರ್ಚಾಗುತ್ತದೆ? ಅತಿ ಜಾಸ್ತಿ ಎಂದರೆ 4,500, ಎಂದಿನಂತೆ ಎಂದರೆ 3,000, ಅತಿ ಕಡಿಮೆ ಎಂದರೆ 1,800. ಮೊದಲನೆಯದು ಮರುಆದೇಶ ಮಟ್ಟಕ್ಕೆ, ಎರಡನೆಯದು ಕನಿಷ್ಠಕ್ಕೆ, ಮೂರನೆಯದು ಗರಿಷ್ಠಕ್ಕೆ. ನನ್ನ ಪ್ರಕಾರ ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಈ ಮೂರು ಅಂಕಿಯನ್ನು ಲೆಕ್ಕದ ಶುರುವಿನಲ್ಲೇ ಬರೆದಿಟ್ಟುಕೊಳ್ಳುವುದು ವಾಸಿ. ಆಮೇಲೆ ಸುಮ್ನೆ ಕೂಡಿಸಿ ಕಳೆಯುವ ಕೆಲಸ.

## ಹಂತ 6: ಸರಾಸರಿ ಸ್ಟಾಕ್ ಮತ್ತು ಅಪಾಯದ ಮಟ್ಟ

ಸರಾಸರಿ ಸ್ಟಾಕ್‌ಗೆ ಎರಡು ಸೂತ್ರ ಚಲಾವಣೆಯಲ್ಲಿವೆ, ಉತ್ತರವೂ ಎರಡು ಬರುತ್ತದೆ.

- ಕನಿಷ್ಠ ಮಟ್ಟ + ಮರುಆದೇಶ ಪ್ರಮಾಣದ ಅರ್ಧ: 1,500 + 3,000 = 4,500 ಕಿಲೋ
- (ಕನಿಷ್ಠ ಮಟ್ಟ + ಗರಿಷ್ಠ ಮಟ್ಟ) ÷ 2: (1,500 + 8,700) ÷ 2 = 5,100 ಕಿಲೋ

ಯಾವುದು ಸರಿ? ಪರೀಕ್ಷೆಯ ಮಟ್ಟಿಗೆ ಎರಡೂ ನಡೆಯುತ್ತವೆ, ಯಾವುದನ್ನು ಬಳಸಿದಿರಿ ಎಂದು ಸೂತ್ರ ಬರೆದು ತೋರಿಸಬೇಕು ಅಷ್ಟೇ. ನನಗೆ ಮೊದಲನೆಯದೇ ಇಷ್ಟ. ಎಲ್ಲ ಎಂದಿನಂತೆ ನಡೆದರೆ ಲಾರಿ ಬರುವ ಮುಂಚೆ 1,500 ಇರುತ್ತದೆ, ಇಳಿಸಿದ ಮೇಲೆ 7,500 ಆಗುತ್ತದೆ. ಇವೆರಡರ ನಡುವಿನ ಅಂಕಿ 4,500. ಎರಡನೇ ಸೂತ್ರ 8,700ನ್ನು ಹಿಡಿಯುತ್ತದೆ, ಅದು ಯಾವಾಗಲೋ ಒಮ್ಮೆ ಮುಟ್ಟುವ ಅಂಕಿ. ಅದಕ್ಕೇ ಸರಾಸರಿ ಸ್ವಲ್ಪ ಉಬ್ಬುತ್ತದೆ. ಅಂದಹಾಗೆ, ಸರಾಸರಿಯೂ ಮರುಆದೇಶ ಮಟ್ಟವೂ ಇಲ್ಲಿ 4,500 ಆಗಿರುವುದು ಬರೀ ಕಾಕತಾಳೀಯ. ಅದರಲ್ಲಿ ಅರ್ಥ ಹುಡುಕಬೇಡಿ.

ಅಪಾಯದ ಮಟ್ಟ ಅಂದರೆ ಸ್ಟಾಕ್ ಇಷ್ಟಕ್ಕೆ ಇಳಿದರೆ ಮಾಮೂಲಿ ಆರ್ಡರ್‌ಗೆ ಕಾಯದೆ ತುರ್ತು ಖರೀದಿ ಮಾಡಬೇಕು ಎಂಬ ಗೆರೆ.

ಸಾಮಾನ್ಯ ಬಳಕೆ × ತುರ್ತು ಖರೀದಿಯ ಲೀಡ್ ಟೈಮ್ = 750 × 1 = 750 ಕಿಲೋ

ಇಲ್ಲಿ ಮಾಮೂಲಿ ಲೀಡ್ ಟೈಮ್ ಹಾಕಿದರೆ 3,000 ಬರುತ್ತದೆ, ಅದು ಕನಿಷ್ಠ ಮಟ್ಟಕ್ಕಿಂತ ಮೇಲೆ. ಅಪಾಯದ ಗೆರೆ ಸಾಮಾನ್ಯವಾಗಿ ಕನಿಷ್ಠ ಮಟ್ಟದ ಕೆಳಗೇ ಇರಬೇಕು.

## ಹಂತ 7: ಉತ್ತರ ಒಪ್ಪಿಸುವ ಮುಂಚೆ ಒಂದು ನೋಟ

ಬಂದ ಉತ್ತರಗಳನ್ನು ಏರಿಕೆಯ ಸಾಲಿನಲ್ಲಿ ಬರೆಯಿರಿ: ಅಪಾಯ 750, ಕನಿಷ್ಠ 1,500, ಮರುಆದೇಶ 4,500, ಗರಿಷ್ಠ 8,700. ಈ ಸಾಲು ಎಲ್ಲಾದರೂ ಹಿಂದುಮುಂದಾಗಿದ್ದರೆ ಮೊದಲು ಅಳತೆ ನೋಡಿ. ಉದಾಹರಣೆಗೆ ಕಿಲೋ ಮಾಡದೆ 360 × 5 = 1,800 ಎಂದು ಮರುಆದೇಶ ಮಟ್ಟ ಬರೆದು, ಆಮೇಲೆ ನೆನಪಾಗಿ 3,000 ಕಿಲೋ ಕಳೆದರೆ ಕನಿಷ್ಠ ಮಟ್ಟ ಋಣ ಸಂಖ್ಯೆ ಆಗುತ್ತದೆ. ಸ್ಟಾಕ್ ಯಾವತ್ತೂ ಸೊನ್ನೆಯ ಕೆಳಗೆ ಇರಲು ಸಾಧ್ಯವಿಲ್ಲ. ಋಣ ಚಿಹ್ನೆ ಕಂಡ ಕೂಡಲೇ ಹಂತ 1ಕ್ಕೆ ವಾಪಸ್ ಹೋಗಿ.

ಆದರೆ ಶುರುವಿನಿಂದ ಕೊನೆಯವರೆಗೆ ಮಾಲಿನ ಸಂಖ್ಯೆಯಲ್ಲೇ ಲೆಕ್ಕ ಮಾಡಿದವರಿಗೆ ಈ ಪರೀಕ್ಷೆ ಏನೂ ಹೇಳುವುದಿಲ್ಲ. ಸಾಲು ಸರಿಯಾಗೇ ಇರುತ್ತದೆ, ಉತ್ತರ ಮಾತ್ರ ತಪ್ಪಿರುತ್ತದೆ. ಅದಕ್ಕೆ ಪ್ರತಿ ಉತ್ತರದ ಮುಂದೆ "ಕಿಲೋ" ಎಂದು ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಬರೆಯುವಾಗಲೇ ಅನುಮಾನ ಬರುತ್ತದೆ.

## ಹಂತ 8: ಎಬಿಸಿ ವಿಶ್ಲೇಷಣೆ

ಇಷ್ಟೊಂದು ಲೆಕ್ಕ ಮಾಡಿದ್ದು ಒಂದು ವಸ್ತುವಿಗೆ. ಒಂದು ಉಗ್ರಾಣದಲ್ಲಿ ಸಾವಿರಾರು ವಸ್ತು ಇರುತ್ತವೆ. ಎಲ್ಲಕ್ಕೂ ಇಷ್ಟೇ ನಿಗಾ ಇಡಲು ಆಗುವುದಿಲ್ಲ. ಯಾವುದಕ್ಕೆ ಇಡಬೇಕು ಎಂದು ತೀರ್ಮಾನಿಸುವ ದಾರಿಯೇ ಎಬಿಸಿ ವಿಶ್ಲೇಷಣೆ. ವರ್ಷದಲ್ಲಿ ಜಾಸ್ತಿ ಹಣ ನುಂಗುವ ಕೆಲವೇ ವಸ್ತುಗಳು ಎ, ನಡುವಿನವು ಬಿ, ಸಂಖ್ಯೆಯಲ್ಲಿ ಜಾಸ್ತಿ ಇದ್ದರೂ ಹಣ ಕಡಿಮೆ ಇರುವವು ಸಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೋರ್ಡ್ ಡಿಕಿ 1951ರಲ್ಲಿ ಈ ವಿಧಾನದ ಬಗ್ಗೆ ಬರೆದರು.

ನಮ್ಮ ಕಾರ್ಖಾನೆಯ ಹತ್ತು ವಸ್ತುಗಳನ್ನು ತೆಗೆದುಕೊಳ್ಳೋಣ. ಇಷ್ಟು ಹೊತ್ತು ಲೆಕ್ಕ ಮಾಡಿದ ಕಚ್ಚಾವಸ್ತು ಇದರಲ್ಲಿ 6ನೆಯದು.

| ವಸ್ತು | ವಾರ್ಷಿಕ ಬಳಕೆ | ದರ (ರೂ.) | ವಾರ್ಷಿಕ ಮೌಲ್ಯ (ರೂ.) |
|---|---|---|---|
| 1 | 8,000 | 5 | 40,000 |
| 2 | 185 | 2,500 | 4,62,500 |
| 3 | 60,000 | 1 | 60,000 |
| 4 | 5,000 | 25 | 1,25,000 |
| 5 | 10 | 5,000 | 50,000 |
| 6 | 37,500 | 25 | 9,37,500 |
| 7 | 40,000 | 0.50 | 20,000 |
| 8 | 1,200 | 150 | 1,80,000 |
| 9 | 2,000 | 15 | 30,000 |
| 10 | 950 | 100 | 95,000 |
| ಒಟ್ಟು | | | 20,00,000 |

ಪ್ರಶ್ನೆಯಲ್ಲಿ ಬಳಕೆ ಮತ್ತು ದರ ಮಾತ್ರ ಇರುತ್ತವೆ. ಕೊನೆಯ ಕಾಲಂ ನೀವು ಗುಣಿಸಿ ತುಂಬಬೇಕು. ಆಮೇಲೆ ಮೌಲ್ಯದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಪ್ರತಿಯೊಂದೂ ಒಟ್ಟು ಮೌಲ್ಯದ ಶೇಕಡಾ ಎಷ್ಟು ಎಂದು ನೋಡಿ, ಮೇಲಿನಿಂದ ಕೂಡಿಸುತ್ತಾ ಬನ್ನಿ. ಹೀಗೆ ಕೂಡಿಸುತ್ತಾ ಬಂದ ಮೊತ್ತವೇ ಸಂಚಿತ ಶೇಕಡಾ.

| ವಸ್ತು | ಮೌಲ್ಯದ ಶೇ. | ಸಂಚಿತ ಶೇ. | ಗುಂಪು |
|---|---|---|---|
| 6 | 46.875 | 46.875 | ಎ |
| 2 | 23.125 | 70.00 | ಎ |
| 8 | 9.00 | 79.00 | ಬಿ |
| 4 | 6.25 | 85.25 | ಬಿ |
| 10 | 4.75 | 90.00 | ಬಿ |
| 3 | 3.00 | 93.00 | ಸಿ |
| 5 | 2.50 | 95.50 | ಸಿ |
| 1 | 2.00 | 97.50 | ಸಿ |
| 9 | 1.50 | 99.00 | ಸಿ |
| 7 | 1.00 | 100.00 | ಸಿ |

ಎ ಗುಂಪಿನಲ್ಲಿ 2 ವಸ್ತು, ಮೌಲ್ಯದ ಶೇ. 70. ಬಿ ಗುಂಪಿನಲ್ಲಿ 3 ವಸ್ತು, ಶೇ. 20. ಸಿ ಗುಂಪಿನಲ್ಲಿ 5 ವಸ್ತು, ಶೇ. 10.

ಈಗ 5ನೇ ವಸ್ತುವನ್ನು ನೋಡಿ. ದರ 5,000 ರೂಪಾಯಿ, ಪಟ್ಟಿಯಲ್ಲೇ ಅತಿ ದುಬಾರಿ. ಆದರೂ ಸಿ ಗುಂಪು, ಯಾಕೆಂದರೆ ವರ್ಷಕ್ಕೆ ಬೇಕಾಗುವುದು 10 ಮಾತ್ರ. 3ನೇ ವಸ್ತು ವರ್ಷಕ್ಕೆ 60,000 ಖರ್ಚಾಗುತ್ತದೆ, ಬಳಕೆಯಲ್ಲಿ ಅದೇ ಮೊದಲು. ಅದೂ ಸಿ. 4ನೆಯದು ಮತ್ತು 6ನೆಯದರ ದರ ಒಂದೇ, 25 ರೂಪಾಯಿ. ಒಂದು ಬಿ, ಇನ್ನೊಂದು ಎ. ದರ ನೋಡಿ ಗುಂಪು ಮಾಡುವುದು, ಬಳಕೆ ನೋಡಿ ಗುಂಪು ಮಾಡುವುದು, ಎರಡೂ ತಪ್ಪು. ಎರಡನ್ನೂ ಗುಣಿಸಿದ ಮೌಲ್ಯ ಮಾತ್ರ ಲೆಕ್ಕಕ್ಕೆ ಬರುತ್ತದೆ.

"ಗಡಿ ಸರಿಯಾಗಿ 70ಕ್ಕೆ ಬರದಿದ್ದರೆ ಏನು ಮಾಡಲಿ?" ಎಂಬುದು ಮುಂದಿನ ಪ್ರಶ್ನೆ. ನಾನು ಕೊಟ್ಟ ಅಂಕಿಗಳು ಅಚ್ಚುಕಟ್ಟಾಗಿ ಬರಲೆಂದೇ ಆರಿಸಿದವು. ನಿಜದಲ್ಲಿ 67 ಬರಬಹುದು, 76 ಬರಬಹುದು. 70, 20, 10 ಎಂಬುದು ರೂಢಿ, ಕಟ್ಟುನಿಟ್ಟಿನ ನಿಯಮವಲ್ಲ. ಪ್ರಶ್ನೆಯಲ್ಲೇ ಗಡಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕೊಡದಿದ್ದರೆ ಮೌಲ್ಯ ದಿಢೀರ್ ಇಳಿಯುವ ಜಾಗ ಹುಡುಕಿ. ನಮ್ಮ ಪಟ್ಟಿಯಲ್ಲಿ 4,62,500ರ ನಂತರ ನೇರ 1,80,000ಕ್ಕೆ ಬಿದ್ದಿದೆ. ಎ ಗುಂಪು ಅಲ್ಲಿಗೆ ಮುಗಿಯಿತು ಎಂದು ಹೇಳಲು ಶೇಕಡಾ ಕೂಡ ಬೇಕಿಲ್ಲ. ಬಿ ಮತ್ತು ಸಿ ನಡುವಿನ ಗಡಿ ಅಷ್ಟು ಸ್ಪಷ್ಟ ಇಲ್ಲ. 95,000ದಿಂದ 60,000ಕ್ಕೆ ಇಳಿದದ್ದು ದೊಡ್ಡ ಜಿಗಿತವೇನಲ್ಲ. 3ನೇ ವಸ್ತುವನ್ನು ಬಿ ಗುಂಪಿಗೆ ಸೇರಿಸಿ, ಕಾರಣ ಬರೆದರೆ ನಾನಂತೂ ತಪ್ಪು ಎನ್ನುವುದಿಲ್ಲ.

ಕೆಲವು ಪ್ರಶ್ನೆಗಳಲ್ಲಿ "ವಸ್ತುಗಳ ಶೇಕಡಾ" ಎಂದೂ ಒಂದು ಕಾಲಂ ಕೇಳುತ್ತಾರೆ. ಅದು ವಸ್ತುವಿನ ಬಗೆಗಳ ಶೇಕಡಾ. ಹತ್ತರಲ್ಲಿ ಎರಡು ಅಂದರೆ ಶೇ. 20. ಬಳಕೆಯ ಕಾಲಂ ಕೂಡಿಸಿ ಅದರ ಶೇಕಡಾ ತೆಗೆಯುವುದಕ್ಕೆ ಅರ್ಥ ಬರುವುದು ಎಲ್ಲವೂ ಒಂದೇ ಅಳತೆಯಲ್ಲಿ ಇದ್ದಾಗ ಮಾತ್ರ. ಒಂದು ಕಿಲೋ, ಇನ್ನೊಂದು ಲೀಟರ್, ಮತ್ತೊಂದು ಡಜನ್ ಇದ್ದರೆ ಕೂಡಿಸಿ ಬಂದ ಸಂಖ್ಯೆ ಏನನ್ನು ಹೇಳುತ್ತದೆ?

ಎಬಿಸಿ ಹೇಳದ ವಿಷಯವೂ ಒಂದಿದೆ. ಅದು ಹಣವನ್ನು ಮಾತ್ರ ನೋಡುತ್ತದೆ. 5ನೇ ವಸ್ತು ಯಂತ್ರದ ಬಿಡಿಭಾಗವಾಗಿದ್ದು, ಅದಿಲ್ಲದೆ ಯಂತ್ರ ತಿರುಗುವುದೇ ಇಲ್ಲ ಎಂದಿದ್ದರೆ ಸಿ ಗುಂಪು ಎಂದು ಕೈಬಿಡಲಾಗದು. ಅದಕ್ಕೆ ವಿಇಡಿ ಎಂಬ ಬೇರೆ ವಿಶ್ಲೇಷಣೆ ಇದೆ. ಇಲ್ಲದಿದ್ದರೆ ಕೆಲಸ ನಿಲ್ಲುವ ವಸ್ತು, ಅಗತ್ಯ ವಸ್ತು, ಇದ್ದರೆ ಒಳ್ಳೆಯದು ಎನ್ನುವ ವಸ್ತು ಎಂದು ಅದರಲ್ಲಿ ಮೂರು ಗುಂಪು.

## ಹಂತ 9: ಎರಡನ್ನೂ ಜೋಡಿಸಿ ಬರೆಯುವುದು

"ನಿಮ್ಮ ಸಲಹೆ ಬರೆಯಿರಿ" ಎಂದು ಕೇಳಿದಾಗ ಹೆಚ್ಚಿನವರು "ಎ ಗುಂಪಿಗೆ ಬಿಗಿ ನಿಯಂತ್ರಣ, ಸಿ ಗುಂಪಿಗೆ ಸಡಿಲ ನಿಯಂತ್ರಣ" ಎಂದು ಬರೆದು ಮುಗಿಸುತ್ತಾರೆ. ಅಂಕಿ ಹಾಕಿ ತೋರಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

ನಮ್ಮ 6ನೇ ವಸ್ತು ಎ ಗುಂಪಿನದು. ಅದರ ಕನಿಷ್ಠ ಮಟ್ಟ 1,500 ಕಿಲೋ, ಅಂದರೆ 37,500 ರೂಪಾಯಿ ಸುಮ್ಮನೆ ಉಗ್ರಾಣದಲ್ಲಿ ಕೂತಿದೆ. ಪೂರೈಕೆದಾರರ ಜೊತೆ ಮಾತಾಡಿ ಗರಿಷ್ಠ ಲೀಡ್ ಟೈಮನ್ನು 5 ವಾರದಿಂದ 4 ವಾರಕ್ಕೆ ಇಳಿಸಿದಿರಿ ಎಂದುಕೊಳ್ಳಿ. ಸಾಮಾನ್ಯ ಲೀಡ್ ಟೈಮ್ ಈಗ 3 ಮತ್ತು 4ರ ನಡುವೆ, 3.5 ವಾರ.

- ಹೊಸ ಮರುಆದೇಶ ಮಟ್ಟ: 900 × 4 = 3,600 ಕಿಲೋ
- ಹೊಸ ಕನಿಷ್ಠ ಮಟ್ಟ: 3,600 − (750 × 3.5) = 3,600 − 2,625 = 975 ಕಿಲೋ

1,500 ಇದ್ದದ್ದು 975 ಆಯಿತು. 525 ಕಿಲೋ ಕಡಿಮೆ, ಅಂದರೆ 13,125 ರೂಪಾಯಿ ಬಿಡುಗಡೆ.

ಈಗ ಸಿ ಗುಂಪಿನ 7ನೇ ವಸ್ತುವನ್ನು ನೋಡಿ. ವರ್ಷಕ್ಕೆ 40,000, ವಾರಕ್ಕೆ 800, ದರ 50 ಪೈಸೆ. ಇದಕ್ಕೆ ಕನಿಷ್ಠ, ಗರಿಷ್ಠ ಎಂದು ತಲೆ ಕೆಡಿಸಿಕೊಳ್ಳದೆ ನಾಲ್ಕು ವಾರದ ಮಾಲನ್ನು ಹೆಚ್ಚುವರಿಯಾಗಿ ಇಟ್ಟುಬಿಟ್ಟರೂ 3,200 × 0.50 = 1,600 ರೂಪಾಯಿ ಅಷ್ಟೇ. 6ನೇ ವಸ್ತುವಿನ ನಾಲ್ಕು ವಾರದ ಮಾಲು 3,000 ಕಿಲೋ, ಬೆಲೆ 75,000 ರೂಪಾಯಿ. ಉತ್ತರದ ಕೊನೆಯಲ್ಲಿ ಈ ಎರಡು ಮೊತ್ತವನ್ನು ಅಕ್ಕಪಕ್ಕ ಬರೆಯಿರಿ. ಬಿಗಿ, ಸಡಿಲ ಎಂಬ ಮಾತಿಗೆ ಆಮೇಲೆ ಬೇರೆ ವಿವರಣೆ ಕೊಡಬೇಕಾಗಿಲ್ಲ.